ಕುಟುಂಬದ ಗ್ರೂಪ್‌ನಲ್ಲಿ ಪ್ರವಾಸ ಗೊತ್ತುಮಾಡುವ ಸಂದೇಶ

ಕುಟುಂಬದ ವಾಟ್ಸ್ಆ್ಯಪ್ ಗ್ರೂಪ್‌ನಲ್ಲಿ ಪ್ರವಾಸದ ಮಾತು ಶುರುವಾಗುವುದು ಸುಲಭ. ಆ ಮಾತು ದಿನಾಂಕವಾಗಿ, ಟಿಕೆಟ್ಟಾಗಿ ಗಟ್ಟಿಯಾಗುವುದು ಕಷ್ಟ. ‘ಈ ಸಲ ಎಲ್ಲರೂ ಸೇರಿ ಎಲ್ಲಾದರೂ ಹೋಗೋಣ, ಯಾವಾಗ, ಎಲ್ಲಿಗೆ ಅಂತ ಹೇಳಿ’ ಎಂದು ಒಬ್ಬರು ಹಾಕುತ್ತಾರೆ. ನಾಲ್ಕು ಹೆಬ್ಬೆರಳು, ಎರಡು ‘ಸೂಪರ್’, ಒಂದು ‘ನೀವೆಲ್ಲ ಹೇಗಂದ್ರೆ ಹಾಗೆ’ ಬರುತ್ತವೆ. ಹುಡುಗರಲ್ಲೊಬ್ಬರು ಗೋವಾ ಎನ್ನುತ್ತಾರೆ, ಹಿರಿಯರೊಬ್ಬರು ಧರ್ಮಸ್ಥಳ ಎನ್ನುತ್ತಾರೆ. ಮರುದಿನದ ಶುಭೋದಯದ ಚಿತ್ರಗಳು ಬರುವಷ್ಟರಲ್ಲಿ ಮಾತು ಮೇಲಕ್ಕೆ ಸರಿದು ಕಣ್ಮರೆಯಾಗುತ್ತದೆ.

ಇದಕ್ಕೆ ಕಾರಣ ಮನೆಯವರ ನಿರಾಸಕ್ತಿ ಅಲ್ಲ, ಪ್ರಶ್ನೆಯ ಗಾತ್ರ. ‘ಯಾವಾಗ, ಎಲ್ಲಿಗೆ’ ಎಂಬುದಕ್ಕೆ ಉತ್ತರ ಕೊಡಬೇಕಾದರೆ ಪ್ರತಿಯೊಬ್ಬರೂ ಮಕ್ಕಳ ಪರೀಕ್ಷೆ, ಕಚೇರಿಯ ರಜೆ, ಮಂಡಿನೋವು, ಖರ್ಚು, ರೈಲು ಎಲ್ಲವನ್ನೂ ತಾವೇ ಯೋಚಿಸಬೇಕು. ಅಷ್ಟು ಕೆಲಸವನ್ನು ಯಾರೂ ಫೋನು ಹಿಡಿದ ಅರ್ಧ ನಿಮಿಷದಲ್ಲಿ ಮಾಡುವುದಿಲ್ಲ. ಎಲ್ಲರನ್ನೂ ಒಪ್ಪಿಸುವ ಸಂದೇಶ ಆ ಕೆಲಸವನ್ನೆಲ್ಲ ಮೊದಲೇ ಮುಗಿಸಿಕೊಂಡು ಬಂದಿರುತ್ತದೆ. ಓದುವವರಿಗೆ ಉಳಿಯುವುದು ‘ಆಗುತ್ತೆ’ ಅಥವಾ ‘ಆಗಲ್ಲ’ ಎಂಬ ಒಂದೇ ಮಾತು.

ಉದಾಹರಣೆಗೆ ಒಂದು ಕುಟುಂಬವನ್ನು ತೆಗೆದುಕೊಳ್ಳಬಹುದು. ಎಪ್ಪತ್ತು ದಾಟಿದ ಅಪ್ಪ ಅಮ್ಮ ಮೈಸೂರಿನಲ್ಲಿದ್ದಾರೆ. ಬೆಂಗಳೂರಿನಲ್ಲಿ ಅಣ್ಣ, ಅತ್ತಿಗೆ, ಇಬ್ಬರು ಮಕ್ಕಳು; ದೊಡ್ಡವಳು ಎಸ್ಸೆಸ್ಸೆಲ್ಸಿ. ಹುಬ್ಬಳ್ಳಿಯಲ್ಲಿ ಅಕ್ಕ, ಬ್ಯಾಂಕಿನಲ್ಲಿರುವ ಭಾವ, ಕಾಲೇಜಿಗೆ ಹೋಗುವ ಮಗ. ಬೆಂಗಳೂರಿನಲ್ಲೇ ಇರುವ ಕಿರಿಯ ಮಗಳು, ಅವಳ ಗಂಡ, ಆರು ವರ್ಷದ ಮಗು ಸೇರಿದರೆ ನಾಲ್ಕು ಮನೆ, ಹನ್ನೆರಡು ಜನ. 2026ರ ಕೊನೆಯ ಹೊತ್ತಿಗೆ ಎಲ್ಲರೂ ಒಟ್ಟಿಗೆ ಎಲ್ಲಾದರೂ ಹೋಗಬೇಕೆಂಬ ಆಸೆ ಇದೆ. ಸಂದೇಶ ಬರೆಯುವ ಜವಾಬ್ದಾರಿ ಕಿರಿಯ ಮಗಳದು.

ಮೊದಲು ದಿನ, ಆಮೇಲೆ ಊರು

ಊರಿನ ಆಯ್ಕೆ ರುಚಿಯ ವಿಷಯ. ಗೋಕರ್ಣ ಇಷ್ಟವೆಂದವರು ಹಂಪಿಗೂ ಬಂದಾರು. ದಿನಾಂಕ ಹಾಗಲ್ಲ, ಪರೀಕ್ಷೆ ಇದ್ದ ದಿನ ಮಗು ಬರುವಂತಿಲ್ಲ, ರಜೆ ಸಿಗದಿದ್ದರೆ ಅಪ್ಪ ಬರುವಂತಿಲ್ಲ. ಆದ್ದರಿಂದ ಎರಡನ್ನೂ ಒಟ್ಟಿಗೆ ಕೇಳಿದರೆ ಮಾತೆಲ್ಲ ಊರಿನ ಸುತ್ತ ನಡೆದು, ನಿಜವಾಗಿ ಅಡ್ಡ ಬರುವ ದಿನಾಂಕ ಹಾಗೆಯೇ ಉಳಿಯುತ್ತದೆ. ದಿನಾಂಕ ಗೊತ್ತಾದರೆ ಎಷ್ಟೋ ಊರುಗಳು ತಾವಾಗಿ ಪಟ್ಟಿಯಿಂದ ಹೊರಗೆ ಹೋಗುತ್ತವೆ. ಮೂರು ದಿನ ಸಿಕ್ಕರೆ ದೂರದ ಊರು ಬೇಡ. ಮಳೆಗಾಲವಾದರೆ ಕರಾವಳಿ ಬೇಡ. ಏಪ್ರಿಲ್, ಮೇ ಆದರೆ ಬಳ್ಳಾರಿ ಸೀಮೆಯ ಬಿಸಿಲು ಹಿರಿಯರಿಗೆ ತಡೆಯದು.

ದಿನ ಹುಡುಕುವುದು ಕ್ಯಾಲೆಂಡರಿನಿಂದ ಶುರುವಾಗುತ್ತದೆ. ಈ ಕುಟುಂಬದಲ್ಲಿ ರಜೆಗೆ ಬಿಗಿ ಇರುವುದು ಭಾವನಿಗೆ. ಬ್ಯಾಂಕುಗಳಿಗೆ ಎರಡನೇ ಮತ್ತು ನಾಲ್ಕನೇ ಶನಿವಾರ ರಜೆ. ಅದನ್ನು ಹಿಡಿದು ನೋಡಿದರೆ ಮೂರು ಅವಕಾಶ ಕಾಣುತ್ತವೆ. ಒಂದು, ಡಿಸೆಂಬರ್ 12 ಮತ್ತು 13: ಎರಡನೇ ಶನಿವಾರ ಮತ್ತು ಭಾನುವಾರ. ಎರಡು, ಡಿಸೆಂಬರ್ 25ರಿಂದ 27: ಶುಕ್ರವಾರ ಕ್ರಿಸ್‌ಮಸ್, ನಾಲ್ಕನೇ ಶನಿವಾರ, ಭಾನುವಾರ. ಮೂರು, 2027ರ ಜನವರಿ 23ರಿಂದ 26: ನಾಲ್ಕನೇ ಶನಿವಾರ, ಭಾನುವಾರ, ಮಂಗಳವಾರದ ಗಣರಾಜ್ಯೋತ್ಸವ, ನಡುವಿನ ಸೋಮವಾರಕ್ಕೆ ಒಂದು ದಿನ ರಜೆ ಹಾಕಬೇಕು.

ಮೂರಕ್ಕಿಂತ ಹೆಚ್ಚು ದಿನಾಂಕಗಳನ್ನು ಮುಂದಿಟ್ಟರೆ ಒಪ್ಪಿಗೆ ಹಂಚಿಹೋಗುತ್ತದೆ. ಒಂದನ್ನೇ ಇಟ್ಟರೆ ಅಪ್ಪಣೆಯಂತೆ ಕಾಣುತ್ತದೆ. ಗ್ರೂಪಿಗೆ ಹೋಗುವ ಹೊತ್ತಿಗೆ ಎರಡು ಉಳಿದಿದ್ದರೆ ಸಾಕು.

ಸಂದೇಶಕ್ಕೆ ಮೊದಲು ಫೋನು

ಮೂರನ್ನು ಎರಡಕ್ಕೆ ಇಳಿಸುವ ಕೆಲಸ ಗ್ರೂಪ್‌ನಲ್ಲಿ ಆಗುವುದಿಲ್ಲ, ಫೋನಿನಲ್ಲಿ ಆಗುತ್ತದೆ. ಅದಕ್ಕೆ ಬಲವಾದ ಕಾರಣವಿದೆ. ಕುಟುಂಬದ ಗ್ರೂಪ್ ಎಂದರೆ ಅತ್ತಿಗೆ, ಭಾವ, ಅಳಿಯ, ಮೊಮ್ಮಕ್ಕಳು ಎಲ್ಲರೂ ಇರುವ ಜಾಗ. ‘ಮಂಡಿ ನೋಯುತ್ತೆ, ಅಷ್ಟು ದೂರ ಆಗಲ್ಲ’ ಎಂದು ಅಮ್ಮ ಅಲ್ಲಿ ಬರೆಯುವುದಿಲ್ಲ. ಎಲ್ಲರ ಸಂತೋಷಕ್ಕೆ ತಾನು ಅಡ್ಡಿಯಾದೆನೆಂದು ಅವರಿಗೆ ಅನ್ನಿಸುತ್ತದೆ. ‘ಈ ತಿಂಗಳು ಕೈ ಬಿಗಿ ಇದೆ’ ಎಂದು ಅಣ್ಣ ಬರೆಯುವುದಿಲ್ಲ. ಅವರು ಸುಮ್ಮನಿರುತ್ತಾರೆ ಅಥವಾ ‘ನೋಡೋಣ’ ಎನ್ನುತ್ತಾರೆ. ಫೋನಿನಲ್ಲಿ ಒಬ್ಬೊಬ್ಬರನ್ನೇ ಕೇಳಿದರೆ ನಿಜವಾದ ತೊಂದರೆ ಹೊರಬರುತ್ತದೆ.

ಕರೆಗಳಿಗೂ ಒಂದು ಕ್ರಮವಿದೆ. ಮೊದಲು ಹಿರಿಯರು, ಆಮೇಲೆ ಯಾರ ಕಾಲು ಹೆಚ್ಚು ಕಟ್ಟಿದೆಯೋ ಅವರು, ಕೊನೆಗೆ ಹೇಗಾದರೂ ಹೊಂದಿಸಿಕೊಳ್ಳಬಲ್ಲವರು. ಹಿರಿಯರ ಒಪ್ಪಿಗೆ ಮೊದಲೇ ಸಿಕ್ಕಿದ್ದರೆ ಗ್ರೂಪ್‌ನಲ್ಲಿ ಬೇರೆಯವರ ಅನುಮಾನ ಅರ್ಧ ಕರಗುತ್ತದೆ. ಗ್ರೂಪ್‌ನಲ್ಲಿ ನೋಡಿ ತಿಳಿದುಕೊಂಡರೆ ಅಪ್ಪನಿಗೆ ತನ್ನನ್ನು ಕೇಳಲಿಲ್ಲವೆಂಬ ಬೇಸರ ಉಳಿಯುತ್ತದೆ. ಆ ಬೇಸರ ಪ್ರವಾಸದ ತನಕವೂ ಬರುತ್ತದೆ.

ಈ ಕುಟುಂಬದಲ್ಲಿ ನಾಲ್ಕು ಕರೆಗಳಿಂದ ಇಷ್ಟು ಗೊತ್ತಾಯಿತು ಎಂದಿಟ್ಟುಕೊಳ್ಳಬಹುದು. ಎರಡೇ ದಿನದ ಸುತ್ತಾಟಕ್ಕೆ ಎರಡು ರಾತ್ರಿ ರೈಲಿನಲ್ಲಿ ಕಳೆಯುವುದು ಆಯಾಸವೆಂದು ಅಪ್ಪ ಹೇಳಿದರು. ಅಲ್ಲಿಗೆ ಡಿಸೆಂಬರ್ 12 ಬಿದ್ದುಹೋಯಿತು. ಹೆಚ್ಚು ಮೆಟ್ಟಿಲು ಹತ್ತಲು ಅಮ್ಮನಿಗೆ ಆಗದು. ಜನವರಿ ಕೊನೆಗೆ ಮಗಳ ಪೂರ್ವಸಿದ್ಧತಾ ಪರೀಕ್ಷೆ ಬಂದರೂ ಬಂದೀತು, ಶಾಲೆಯವರು ಇನ್ನೂ ದಿನ ಹೇಳಿಲ್ಲ ಎಂದು ಅತ್ತಿಗೆ ಹೇಳಿದರು. ಡಿಸೆಂಬರ್ ಕೊನೆಯಾದರೆ ರಜೆಯನ್ನೇ ಹಾಕಬೇಕಾಗಿಲ್ಲ, ಜನವರಿಯಾದರೆ ಸೋಮವಾರ ಸಿಗುವುದು ಖಾತ್ರಿಯಿಲ್ಲ ಎಂದು ಭಾವ ಹೇಳಿದರು. ಡಿಸೆಂಬರ್ 25 ಮುಂದೆ ಬಂತು, ಜನವರಿ 23 ಹಿಂದಿನ ಆಸರೆಯಾಗಿ ಉಳಿಯಿತು.

ಎಲ್ಲರ ಅಡಚಣೆಗೂ ಹೊಂದುವ ಊರು

ಈಗ ಊರಿನ ಸರದಿ. ಇಷ್ಟವಾದ ಊರುಗಳನ್ನು ಪಟ್ಟಿ ಮಾಡುವ ಬದಲು, ಕರೆಗಳಲ್ಲಿ ಸಿಕ್ಕ ಅಡಚಣೆಗಳಿಗೆ ಯಾವ ಊರು ಹೊಂದುತ್ತದೆ ಎಂದು ನೋಡುವುದು ಉಪಯುಕ್ತ. ಮೂರು ದಿನ, ಚಳಿಗಾಲ, ಮೈಸೂರು ಮತ್ತು ಹುಬ್ಬಳ್ಳಿ ಎರಡು ಕಡೆಯಿಂದಲೂ ತಲುಪುವಂತಿರಬೇಕು, ಮಂಡಿನೋವಿನವರಿಗೂ ನೋಡಲು ಇರಬೇಕು, ಹುಡುಗರಿಗೂ ಹುರುಪು ಇರಬೇಕು. ಈ ಲೆಕ್ಕಕ್ಕೆ ಹಂಪಿ ಚೆನ್ನಾಗಿ ಕೂರುತ್ತದೆ.

ಮೈಸೂರಿನಿಂದ ಹುಬ್ಬಳ್ಳಿಗೆ ಹೋಗುವ ಹಂಪಿ ಎಕ್ಸ್‌ಪ್ರೆಸ್ ಬೆಂಗಳೂರಿನ ಮೇಲೆ ಸಾಗಿ ಬೆಳಿಗ್ಗೆ ಹೊಸಪೇಟೆ ಮುಟ್ಟುತ್ತದೆ. ಅಪ್ಪ ಅಮ್ಮ ಮೈಸೂರಿನಲ್ಲಿ ಹತ್ತಿದರೆ ಬೆಂಗಳೂರಿನ ಎರಡು ಮನೆಯವರು ಅದೇ ರೈಲಿಗೆ ಸೇರಿಕೊಳ್ಳಬಹುದು. ಹುಬ್ಬಳ್ಳಿಯವರು ಗದಗ, ಕೊಪ್ಪಳದ ಮೇಲೆ ಮೂರು ಗಂಟೆಯ ಆಸುಪಾಸಿನಲ್ಲಿ ಬಂದು ಸೇರುತ್ತಾರೆ. ಹೊಸಪೇಟೆಯಿಂದ ಹಂಪಿ ಸುಮಾರು 13 ಕಿಲೋಮೀಟರ್. ವಿರೂಪಾಕ್ಷ ದೇವಸ್ಥಾನದಲ್ಲಿ ಇಂದಿಗೂ ಪೂಜೆ ನಡೆಯುತ್ತದೆ, ಅದು ಅಪ್ಪನಿಗೆ ಮುಖ್ಯ. ವಿಠ್ಠಲ ದೇವಸ್ಥಾನಕ್ಕೆ ವಾಹನ ನಿಲ್ಲಿಸುವ ಜಾಗದಿಂದ ಬ್ಯಾಟರಿ ಗಾಡಿಗಳಿವೆ, ಅಮ್ಮ ಅಷ್ಟು ದೂರ ನಡೆಯಬೇಕಾಗಿಲ್ಲ. ಅಂಜನಾದ್ರಿಯ 575 ಮೆಟ್ಟಿಲುಗಳನ್ನು ಹುಡುಗರು ಬೆಳಿಗ್ಗೆ ಹತ್ತಿ ಬರಬಹುದು, ಆ ಹೊತ್ತಿಗೆ ಹಿರಿಯರು ವಿಶ್ರಾಂತಿಯಲ್ಲಿರಬಹುದು.

ಇದರಲ್ಲಿ ಒಂದು ತೊಡಕೂ ಇದೆ. ಕ್ರಿಸ್‌ಮಸ್ ವಾರದಲ್ಲಿ ಹಂಪಿ ತುಂಬಿರುತ್ತದೆ, ರೂಮಿನ ದರ ಏರಿರುತ್ತದೆ. ಅದನ್ನು ಮುಚ್ಚಿಡದೆ ಸಂದೇಶದಲ್ಲೇ ಹೇಳುವುದು ಒಳ್ಳೆಯದು. ಆಮೇಲೆ ಯಾರೋ ಹೇಳಿ ತಿಳಿಯುವುದಕ್ಕಿಂತ, ಬರೆದವರೇ ಹೇಳಿ, ಆದ್ದರಿಂದ ಬೇಗ ಬುಕ್ ಮಾಡಬೇಕು ಎಂದರೆ ಅದೇ ಬೇಗ ಉತ್ತರಿಸಲು ಕಾರಣವಾಗುತ್ತದೆ.

ಗಡುವಿಗೆ ಕಾರಣ ಬೇಕು

‘ಬೇಗ ಹೇಳಿ’ ಎಂಬ ಮಾತಿಗೆ ಯಾರೂ ಓಗೊಡುವುದಿಲ್ಲ, ಏಕೆಂದರೆ ತಡವಾದರೆ ಏನಾಗುತ್ತದೆ ಎಂಬುದು ಅದರಲ್ಲಿಲ್ಲ. ಗಡುವು ಹೊರಗಿನ ಒಂದು ನಿಜವಾದ ದಿನಕ್ಕೆ ಕಟ್ಟಿಕೊಂಡಿರಬೇಕು. ರೈಲಿನ ಪ್ರವಾಸಕ್ಕೆ ಅಂಥ ದಿನ ಸಿದ್ಧವಾಗಿಯೇ ಇದೆ. 2024ರ ನವೆಂಬರ್ 1ರಿಂದ ರೈಲ್ವೆಯಲ್ಲಿ ಮುಂಗಡ ಟಿಕೆಟ್ ತೆರೆಯುವ ಅವಧಿ 120 ದಿನದಿಂದ 60 ದಿನಕ್ಕೆ ಇಳಿದಿದೆ. ಪ್ರಯಾಣದ ದಿನವನ್ನು ಅದರಲ್ಲಿ ಎಣಿಸುವುದಿಲ್ಲ. ಡಿಸೆಂಬರ್ 24ರ ಗುರುವಾರ ರಾತ್ರಿ ಹೊರಡಬೇಕಾದರೆ ಟಿಕೆಟ್ ಸಿಗತೊಡಗುವುದು ಅಕ್ಟೋಬರ್ 25ರ ಭಾನುವಾರ ಬೆಳಿಗ್ಗೆ 8 ಗಂಟೆಗೆ. ಡಿಸೆಂಬರ್ 27ರ ರಾತ್ರಿ ವಾಪಸಾಗುವ ಟಿಕೆಟ್ ಅಕ್ಟೋಬರ್ 28ಕ್ಕೆ. ಸಾಲು ರಜೆಯ ಟಿಕೆಟ್‌ಗಳು ಬೇಗ ಖಾಲಿಯಾಗುತ್ತವೆ ಎಂಬುದು ಎಲ್ಲರಿಗೂ ಗೊತ್ತು.

ಇದನ್ನು ಹಿಂದಕ್ಕೆ ಎಣಿಸಿದರೆ ಸಂದೇಶ ಕಳಿಸುವ ದಿನವೂ ಸಿಗುತ್ತದೆ. 2026ರಲ್ಲಿ ನವರಾತ್ರಿ ಶುರುವಾಗುವುದು ಅಕ್ಟೋಬರ್ 11ಕ್ಕೆ. ಮೈಸೂರಿನ ಮನೆಯಲ್ಲಿ ಬೊಂಬೆ ಕೂರಿಸುವ, ನೆಂಟರು ಬರುವ ಆ ದಿನಗಳಲ್ಲಿ ಯಾರೂ ಡಿಸೆಂಬರ್ ಬಗ್ಗೆ ಯೋಚಿಸುವುದಿಲ್ಲ. ಆದ್ದರಿಂದ ಅಕ್ಟೋಬರ್ 4ರ ಭಾನುವಾರ ಸಂಜೆ ಸಂದೇಶ ಹೋಗಬೇಕು, 9ರ ಶುಕ್ರವಾರ ರಾತ್ರಿಗೆ ಉತ್ತರ ಮುಗಿಯಬೇಕು. ಭಾನುವಾರ ಸಂಜೆ ಹೆಚ್ಚಿನವರು ಮನೆಯಲ್ಲಿರುತ್ತಾರೆ, ಗಂಡ ಹೆಂಡತಿ ಅಲ್ಲೇ ಮಾತಾಡಿ ಉತ್ತರಿಸಬಹುದು. ಸೋಮವಾರ ಬೆಳಿಗ್ಗೆ ಕಳಿಸಿದ್ದು ಕಚೇರಿಯ ನಡುವೆ ಓದಿ ಮರೆತುಹೋಗುತ್ತದೆ.

ಸಂದೇಶ

ಇಷ್ಟಾದ ಮೇಲೆ ಬರೆಯುವುದು ಹೆಚ್ಚು ಹೊತ್ತಿನ ಕೆಲಸವಲ್ಲ. ಈ ಕುಟುಂಬಕ್ಕೆ ಹೊಂದುವ ಸಂದೇಶ ಹೀಗಿರಬಹುದು:

‘ಎಲ್ಲರಿಗೂ, ಡಿಸೆಂಬರ್ ಪ್ರವಾಸದ ವಿಷಯ. ಅಪ್ಪ ಅಮ್ಮನ ಹತ್ತಿರ, ಅಕ್ಕ ಭಾವನ ಹತ್ತಿರ, ಅಣ್ಣ ಅತ್ತಿಗೆ ಹತ್ತಿರ ಫೋನಲ್ಲಿ ಮಾತಾಡಿದ್ದೀನಿ. ಎಲ್ಲರಿಗೂ ಹೆಚ್ಚು ಅನುಕೂಲ ಕಾಣ್ತಿರೋದು ಡಿಸೆಂಬರ್ 25 ಶುಕ್ರವಾರದಿಂದ 27 ಭಾನುವಾರ. ಯಾರೂ ರಜೆ ಹಾಕಬೇಕಾಗಿಲ್ಲ.

ಊರು ಹಂಪಿ. 24ರ ರಾತ್ರಿ ಹಂಪಿ ಎಕ್ಸ್‌ಪ್ರೆಸ್, 28ರ ಬೆಳಿಗ್ಗೆ ವಾಪಸ್. ಅಕ್ಕನ ಮನೆಯವರು ಹುಬ್ಬಳ್ಳಿಯಿಂದ ನೇರ ಹೊಸಪೇಟೆಗೆ. ಅಮ್ಮ ಮೆಟ್ಟಿಲು ಹತ್ತೋ ಹಾಗಿಲ್ಲ, ಅಂಜನಾದ್ರಿ ಹುಡುಗರಿಗೆ ಮಾತ್ರ.

ಖರ್ಚು ರೈಲು, ಎರಡು ರಾತ್ರಿ ರೂಮು, ಟೆಂಪೋ, ಊಟ ಸೇರಿ ದೊಡ್ಡವರಿಗೆ ತಲಾ 8ರಿಂದ 9 ಸಾವಿರ ಆಗಬಹುದು. ರಜೆ ವಾರ ಆದ್ರಿಂದ ರೂಮು ಸ್ವಲ್ಪ ದುಬಾರಿ.

ಟಿಕೆಟ್ ಅಕ್ಟೋಬರ್ 25 ಬೆಳಿಗ್ಗೆ 8ಕ್ಕೆ ತೆರೆಯುತ್ತೆ. ಅದಕ್ಕೆ ಈ ಶುಕ್ರವಾರ (9) ರಾತ್ರಿಯೊಳಗೆ ಮನೆಗೊಬ್ಬರು ಕೆಳಗಿನ ಪೋಲ್ ಒತ್ತಿ. ಬರೋಕೆ ಆಗೋ ದಿನ ಎರಡೂ ಆದ್ರೆ ಎರಡೂ ಒತ್ತಿ. ಏನಾದ್ರೂ ತೊಂದರೆ ಇದ್ರೆ ನನಗೆ ಫೋನ್ ಮಾಡಿ, ಸರಿಮಾಡೋಣ. ಶನಿವಾರ ನಾನು ರೂಮು ಹಿಡಿಯೋಕೆ ಶುರು ಮಾಡ್ತೀನಿ.’

ಕೆಳಗೆ ಪೋಲ್: ‘ಡಿಸೆಂಬರ್ 25–27’, ‘ಜನವರಿ 23–26’.

ಇದರ ಒಂದೊಂದು ಭಾಗಕ್ಕೂ ಕೆಲಸವಿದೆ. ಯಾರ ಯಾರ ಹತ್ತಿರ ಮಾತಾಡಿದೆ ಎಂಬ ಸಾಲು, ಇದು ಒಬ್ಬರ ತೀರ್ಮಾನವಲ್ಲ ಎಂದು ತಿಳಿಸುತ್ತದೆ. ಅಮ್ಮನ ಮೆಟ್ಟಿಲಿನ ಮಾತು ಅವರು ಹೇಳಿದ್ದನ್ನು ಕೇಳಿಸಿಕೊಂಡಿದ್ದಾರೆ ಎಂಬುದಕ್ಕೆ ಸಾಕ್ಷಿ. ಆದರೆ ಅತ್ತಿಗೆ ಹೇಳಿದ ಪರೀಕ್ಷೆಯ ಆತಂಕ ಅಲ್ಲಿಲ್ಲ. ಮಗಳ ಹೆಸರಿನಲ್ಲಿ ಜನವರಿ ತಪ್ಪಿತು ಎಂಬ ಭಾರ ಆ ಹುಡುಗಿಯ ಮೇಲೆ ಬೀಳಬಾರದು. ಖರ್ಚನ್ನು ಒಂದು ಅಂದಾಜಿನಲ್ಲಿ ಬರೆದದ್ದರಿಂದ ಯಾರೂ ‘ಎಷ್ಟಾಗುತ್ತೆ’ ಎಂದು ಎಲ್ಲರೆದುರು ಕೇಳಬೇಕಾಗಿಲ್ಲ. ಅಪ್ಪ ಅಮ್ಮನ ಪಾಲನ್ನು ಮಕ್ಕಳು ಹಂಚಿಕೊಳ್ಳುವುದಾದರೆ ಅದು ಅಣ್ಣ, ಅಕ್ಕ, ತಂಗಿಯರ ನಡುವಿನ ಬೇರೆ ಮಾತು. ಗ್ರೂಪ್‌ಗೆ ಬಂದರೆ ಅಪ್ಪನಿಗೆ ಮುಜುಗರ. ಕೊನೆಯ ಸಾಲು ಎಲ್ಲಕ್ಕಿಂತ ಮುಖ್ಯ. ಮುಂದಿನ ಹೆಜ್ಜೆ ಯಾರದು, ಯಾವ ದಿನ ಎಂದು ಹೇಳಿದ ಸಂದೇಶವನ್ನು ಜನ ಬೇಗ ನಂಬುತ್ತಾರೆ.

ಪೋಲ್ ಕೇಳಬೇಕಾದ ಪ್ರಶ್ನೆ

ವಾಟ್ಸ್ಆ್ಯಪ್ ಪೋಲ್‌ನಲ್ಲಿ 12 ಆಯ್ಕೆಗಳವರೆಗೆ ಹಾಕಬಹುದು, ಒಬ್ಬರು ಒಂದಕ್ಕಿಂತ ಹೆಚ್ಚು ಒತ್ತುವ ಅವಕಾಶವನ್ನೂ ಬೇಕೆಂದರೆ ಇಡಬಹುದು. ಪ್ರವಾಸದ ದಿನಕ್ಕೆ ಈ ಅವಕಾಶ ಬೇಕೇ ಬೇಕು. ಒಂದೇ ಒತ್ತಬೇಕೆಂದರೆ ಜನ ತಮಗೆ ಇಷ್ಟವಾದುದನ್ನು ಒತ್ತುತ್ತಾರೆ. ಎರಡೂ ಒತ್ತಬಹುದು ಎಂದರೆ ತಮಗೆ ಆಗುವುದನ್ನೆಲ್ಲ ಒತ್ತುತ್ತಾರೆ. ಈ ಎರಡು ಪ್ರಶ್ನೆಗಳ ಉತ್ತರ ಬೇರೆಯೇ ಆಗಬಹುದು. ನಾಲ್ಕು ಮನೆಗಳಲ್ಲಿ ಎರಡಕ್ಕೆ ಜನವರಿ ಹೆಚ್ಚು ಇಷ್ಟವಿದ್ದು, ಡಿಸೆಂಬರ್ ಕೂಡ ಆಗುತ್ತದೆ ಎಂದಿಟ್ಟುಕೊಳ್ಳಿ. ಉಳಿದ ಎರಡಕ್ಕೆ ಡಿಸೆಂಬರ್ ಮಾತ್ರ ಆಗುತ್ತದೆ. ಒಂದೇ ಮತವಾದರೆ ಎರಡಕ್ಕೆ ಎರಡು ಸಮವಾಗಿ ಜಗ್ಗಾಟ ನಡೆಯುತ್ತದೆ. ಆಗುವುದನ್ನೆಲ್ಲ ಒತ್ತಿದರೆ ಡಿಸೆಂಬರಿಗೆ ನಾಲ್ಕು, ಜನವರಿಗೆ ಎರಡು, ಮಾತು ಮುಗಿಯಿತು.

ಮನೆಗೊಂದು ಮತ ಎಂದು ಹೇಳುವುದಕ್ಕೂ ಕಾರಣವಿದೆ. ಹಾಗೆ ಹೇಳದಿದ್ದರೆ ನಾಲ್ಕು ಜನರಿರುವ ಮನೆಯ ನಾಲ್ಕು ಒತ್ತು, ಇಬ್ಬರೇ ಇರುವ ಹಿರಿಯರ ಮನೆಗಿಂತ ಭಾರವಾಗಿ ಕಾಣುತ್ತದೆ. ಪೋಲ್‌ನಲ್ಲಿ ಯಾರು ಯಾವುದಕ್ಕೆ ಒತ್ತಿದರು ಎಂಬುದು ಎಲ್ಲರಿಗೂ ಕಾಣುವುದರಿಂದ, ಮೊದಲು ಒತ್ತಿದವರ ಹಿಂದೆ ಉಳಿದವರು ಹೋಗುವ ಸಂಭವವೂ ಇದೆ. ದೊಡ್ಡಣ್ಣ ಒಂದಕ್ಕೆ ಒತ್ತಿದ ಮೇಲೆ ಬೇರೆಯದನ್ನು ಒತ್ತಲು ಕಿರಿಯರು ಹಿಂಜರಿಯುತ್ತಾರೆ. ಮೊದಲೇ ಫೋನಿನಲ್ಲಿ ಮಾತಾಡಿದ್ದರೆ ಈ ಹಿಂಜರಿಕೆಯಿಂದ ನಷ್ಟವಿಲ್ಲ, ಏಕೆಂದರೆ ನಿಜವಾದ ಉತ್ತರ ಆಗಲೇ ಗೊತ್ತಿರುತ್ತದೆ. ಊರಿಗೆ ಮಾತ್ರ ಪೋಲ್ ಬೇಡ. ಊರಿನ ಮತದಲ್ಲಿ ಒಬ್ಬರ ಊರು ಗೆದ್ದು ಇನ್ನೊಬ್ಬರ ಊರು ಸೋಲುತ್ತದೆ, ಸೋತವರು ಅರೆಮನಸ್ಸಿನಿಂದ ಬರುತ್ತಾರೆ.

ಸಂದೇಶಕ್ಕೆ ಒಪ್ಪಿಗೆ ಬರತೊಡಗುವ ತನಕ ಅದನ್ನು ಗ್ರೂಪ್‌ನ ಮೇಲ್ಭಾಗದಲ್ಲಿ ಪಿನ್ ಮಾಡಿಡಬಹುದು. 24 ಗಂಟೆ, 7 ದಿನ ಅಥವಾ 30 ದಿನ ಇಡುವ ಆಯ್ಕೆ ಇದೆ. ಐದು ದಿನದ ಗಡುವಿಗೆ 7 ದಿನ ಸರಿಹೋಗುತ್ತದೆ.

ಮೌನ ಬಂದಾಗ

ಗ್ರೂಪ್‌ನಲ್ಲಿ ಬೇರೆಲ್ಲದಕ್ಕೂ ಉತ್ತರಿಸುತ್ತ ಈ ಒಂದನ್ನು ಮಾತ್ರ ಬಿಟ್ಟವರಿಗೆ ಸಾಮಾನ್ಯವಾಗಿ ಹೇಳಲಾಗದ ಕಾರಣವೊಂದಿರುತ್ತದೆ. ‘ನೋಡೋಣ’, ‘ನಮ್ಮದೇನಿಲ್ಲ, ನೀವು ಹೋಗ್ಬನ್ನಿ’ ಎಂಬ ಉತ್ತರಗಳೂ ಅಂಥವೇ. ಅಂಥವರ ಹೆಸರನ್ನು ಗ್ರೂಪ್‌ನಲ್ಲಿ ಬರೆದು ನೆನಪಿಸಬಾರದು. ಎಲ್ಲರೆದುರು ಒತ್ತಾಯಕ್ಕೆ ಒಪ್ಪಿದವರು ಕೊನೆಯ ವಾರದಲ್ಲಿ ಹಿಂದೆ ಸರಿಯುವ ಸಂಭವ ಹೆಚ್ಚು, ಆಗ ಟಿಕೆಟ್ಟೂ ಹೋಗುತ್ತದೆ, ಮನಸ್ಸೂ ಕೆಡುತ್ತದೆ.

ಬುಧವಾರಕ್ಕೂ ಅಣ್ಣನ ಮನೆಯಿಂದ ಉತ್ತರ ಬಾರದಿದ್ದರೆ ಕಿರಿಯವಳು ಅತ್ತಿಗೆಗೆ ಫೋನು ಮಾಡುವುದು ಸರಿ. ‘ಅತ್ತಿಗೆ, ದಿನದ ತೊಂದ್ರೆನಾ, ದೂರದ್ದಾ, ಖರ್ಚಿಂದಾ?’ ಎಂದು ಮೂರನ್ನೂ ಮುಂದಿಟ್ಟು ಕೇಳಿದರೆ ಉತ್ತರಿಸುವುದು ಸುಲಭ. ಖರ್ಚಿನದಾದರೆ ರೂಮುಗಳ ಸಂಖ್ಯೆ ಇಳಿಸಬಹುದು, ಮಕ್ಕಳೆಲ್ಲ ಒಂದೇ ರೂಮಿನಲ್ಲಿರಬಹುದು. ಓದಿನದಾದರೆ ಆ ಮನೆಯವರು ಒಂದು ದಿನ ಮೊದಲೇ ಹಿಂತಿರುಗುವ ಏರ್ಪಾಟು ಮಾಡಬಹುದು. ಇಬ್ಬರು ಕುಟುಂಬದವರ ನಡುವಿನ ಹಳೆಯ ಮನಸ್ತಾಪವಾಗಿದ್ದರೆ ಯಾವ ಸಂದೇಶವೂ ಅದನ್ನು ಸರಿಮಾಡದು. ಆ ಸಲ ಬರುವಷ್ಟು ಜನ ಹೋಗಿಬರುವುದೇ ದಾರಿ. ಬಾರದವರನ್ನು ಮುಂದಿನ ಸಲ ಮತ್ತೆ ಮೊದಲಿನಷ್ಟೇ ಪ್ರೀತಿಯಿಂದ ಕೇಳಬೇಕು.

ಒಪ್ಪಿಗೆಯಿಂದ ಟಿಕೆಟ್‌ವರೆಗೆ

ಶುಕ್ರವಾರ ರಾತ್ರಿ ಪೋಲ್ ಮುಗಿದ ಮೇಲೆ ಎರಡನೆಯ, ಚಿಕ್ಕ ಸಂದೇಶ ಬೇಕು: ‘ಡಿಸೆಂಬರ್ 25–27 ಹಂಪಿ, ನಾಲ್ಕೂ ಮನೆಯವರು ಒಪ್ಪಿದ್ದಾರೆ. ಇನ್ನು ದಿನ ಬದಲಾಗಲ್ಲ.’ ಈ ಸಾಲಿಲ್ಲದಿದ್ದರೆ ‘ಬದಲಿಗೆ ಗೋಕರ್ಣ ಆದ್ರೆ?’ ಎಂಬ ಮಾತು ಮತ್ತೆ ಏಳುತ್ತದೆ. ಗೋಕರ್ಣ ಬಯಸಿದವರಿಗೆ ಮುಂದಿನ ಪ್ರವಾಸದ ಮೊದಲ ಹೆಸರು ಅದೇ ಎಂದು ಅಲ್ಲೇ ಬರೆದಿಟ್ಟರೆ ಅವರ ಮಾತಿಗೂ ಬೆಲೆ ಸಿಕ್ಕಂತಾಗುತ್ತದೆ.

ರೂಮನ್ನು ಅದೇ ವಾರ ಹಿಡಿಯಬೇಕು. ಹೊಸಪೇಟೆಯಲ್ಲಿ ಹೋಟೆಲುಗಳು ಹೆಚ್ಚು. ಕಮಲಾಪುರದಲ್ಲಿ ರಾಜ್ಯ ಪ್ರವಾಸೋದ್ಯಮ ನಿಗಮದ ಮಯೂರ ಭುವನೇಶ್ವರಿ ಇದ್ದು, ಅಲ್ಲಿಂದ ಹಂಪಿಯ ಸ್ಮಾರಕಗಳು ಹತ್ತಿರ. ಟಿಕೆಟ್‌ಗೆ ಒಂದು ಮಿತಿ ನೆನಪಿರಬೇಕು: ಒಂದು ಟಿಕೆಟ್‌ನಲ್ಲಿ ಆರು ಜನರವರೆಗೆ ಮಾತ್ರ ಹೆಸರು ಹಾಕಬಹುದು. ಬೆಂಗಳೂರಿನ ಏಳು ಜನ ಹೇಗೂ ಒಂದರಲ್ಲಿ ಹಿಡಿಯುವುದಿಲ್ಲ. ಅಣ್ಣನ ಮನೆಯ ನಾಲ್ವರಿಗೆ ಒಂದು, ತಂಗಿಯ ಮನೆಯ ಮೂವರಿಗೆ ಒಂದು ಮಾಡಿದರೆ ಹಣದ ಲೆಕ್ಕವೂ ಸರಳ. ಅಪ್ಪ ಅಮ್ಮನದು ಬೇರೆಯೇ ಟಿಕೆಟ್ ಆಗಬೇಕು. 60 ದಾಟಿದ ಗಂಡಸರು, 45 ದಾಟಿದ ಹೆಂಗಸರು ಒಬ್ಬರು ಅಥವಾ ಇಬ್ಬರೇ ಇರುವ ಟಿಕೆಟ್‌ಗೆ ಕೆಳ ಬರ್ತ್‌ನ ಮೀಸಲು ಪಾಲಿದೆ. ಖಾಲಿ ಇದ್ದರೆ ಸಿಗುತ್ತದೆ. ಅವರನ್ನು ಕಿರಿಯರ ಜೊತೆ ಒಂದೇ ಟಿಕೆಟ್‌ನಲ್ಲಿ ಸೇರಿಸಿದರೆ ಈ ಅನುಕೂಲ ತಪ್ಪಬಹುದು.

ಅಕ್ಟೋಬರ್ 25ರ ಬೆಳಿಗ್ಗೆ ಯಾರು ಯಾವ ಟಿಕೆಟ್ ಮಾಡುತ್ತಾರೆ, 28ಕ್ಕೆ ವಾಪಸಿನದು ಯಾರು ಎಂದು ಹಿಂದಿನ ದಿನವೇ ಗ್ರೂಪ್‌ನಲ್ಲಿ ಬರೆಯಬೇಕು, ಎಲ್ಲರ ಹೆಸರು ಮತ್ತು ವಯಸ್ಸು ಗುರುತಿನ ಚೀಟಿಯಲ್ಲಿ ಇದ್ದಂತೆ ತರಿಸಿಕೊಂಡಿರಬೇಕು. ಟಿಕೆಟ್ ಆದ ಮೇಲೆ ಅದರ ಚಿತ್ರ, ರೂಮಿನ ವಿಳಾಸ, ಕೊಟ್ಟ ಮುಂಗಡದ ಲೆಕ್ಕ ಮೂರನ್ನೂ ಒಂದೇ ಸಂದೇಶದಲ್ಲಿ ಹಾಕಿ, ಹಳೆಯ ಪಿನ್ ತೆಗೆದು ಅದನ್ನು ಪಿನ್ ಮಾಡಿದರೆ, ಒಪ್ಪಿಸುವ ಸಂದೇಶದ ಕೆಲಸ ಮುಗಿಯುತ್ತದೆ.